ಸಾವಿರದಿನ್ನೂರು ಫೋಟೊಗಳಲ್ಲಿ ನೂರೈವತ್ತು

ಮದುವೆ ಮುಗಿದು ಕೆಲವು ವಾರಕ್ಕೆ ಸ್ಟುಡಿಯೋದವರು ಒಂದು ಪೆನ್‌ಡ್ರೈವ್ ತಂದುಕೊಡುತ್ತಾರೆ. ಅದರಲ್ಲಿ 1,200 ಫೋಟೊ ಇದೆ ಎಂದುಕೊಳ್ಳೋಣ. "ಆಲ್ಬಮ್‌ಗೆ 150 ಆರಿಸಿ, ಬೇರೆ ಫೋಲ್ಡರ್‌ಗೆ ಹಾಕಿಕೊಡಿ ಸಾರ್" ಎಂದು ಹೇಳಿ ಹೋಗುತ್ತಾರೆ. ಕಂಪ್ಯೂಟರಿಗೆ ಹೊಸಬರಾದವರು ಸಾಮಾನ್ಯವಾಗಿ ಒಂದು ಫೋಟೊ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ ಒತ್ತುತ್ತಾರೆ, ಇನ್ನೊಂದು ಫೋಲ್ಡರ್‌ಗೆ ಹೋಗಿ ಪೇಸ್ಟ್ ಮಾಡುತ್ತಾರೆ, ಮತ್ತೆ ಹಿಂದಕ್ಕೆ ಬರುತ್ತಾರೆ. ಹೀಗೆ 150 ಸಲ ಮಾಡಿದರೆ ಭಾನುವಾರ ಪೂರ್ತಿ ಹೋಯಿತು. ಕೀಬೋರ್ಡಿನ ನಾಲ್ಕಾರು ಕೀಲಿಗಳು ಗೊತ್ತಿದ್ದರೆ ಹೆಚ್ಚಿನ ಹೊತ್ತು ಯಾವ ಫೋಟೊ ಚೆನ್ನಾಗಿದೆ ಎಂಬ ಚರ್ಚೆಗೆ ಹೋಗುತ್ತದೆಯೇ ಹೊರತು ಕಂಪ್ಯೂಟರಿಗಲ್ಲ. ಇಲ್ಲಿ ಹೇಳುತ್ತಿರುವುದು ವಿಂಡೋಸ್ ಕಂಪ್ಯೂಟರಿನ ಫೈಲ್ ಎಕ್ಸ್‌ಪ್ಲೋರರ್ ಬಗ್ಗೆ.

ಮೊದಲು ಪೆನ್‌ಡ್ರೈವ್‌ನಲ್ಲಿರುವುದನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ವಿಂಡೋಸ್ ಗುರುತಿನ ಕೀಲಿಯನ್ನು ಒತ್ತಿಹಿಡಿದು E ಒತ್ತಿದರೆ ಎಕ್ಸ್‌ಪ್ಲೋರರ್ ತೆರೆಯುತ್ತದೆ. ಪೆನ್‌ಡ್ರೈವ್ ಒಳಗೆ ಹೋಗಿ Ctrl+A ಒತ್ತಿ. ಅಲ್ಲಿರುವುದೆಲ್ಲ ಒಟ್ಟಿಗೆ ಆಯ್ಕೆಯಾಗುತ್ತದೆ. ಆಮೇಲೆ Ctrl+C. ಈಗ Pictures ಫೋಲ್ಡರ್‌ಗೆ ಬಂದು Ctrl+Shift+N ಒತ್ತಿದರೆ ಹೊಸ ಫೋಲ್ಡರ್ ಹುಟ್ಟುತ್ತದೆ. ಅದಕ್ಕೆ ಹೆಸರು ಕೊಟ್ಟು Enter, ಒಳಗೆ ಹೋಗಲು ಇನ್ನೊಂದು Enter, ಕೊನೆಗೆ Ctrl+V. ಕಾಪಿ ಮಾಡುವುದಕ್ಕೆ ಬೇಕಾದ ವಿದ್ಯೆ ಇಷ್ಟೆ. ನಿಜವಾದ ಕೆಲಸ ಇರುವುದು ಆರಿಸುವುದರಲ್ಲಿ.

ಫೋಟೊ ದೊಡ್ಡದಾಗಿ ಕಾಣದೆ ಆರಿಸಲಾಗದು, ಹಾಗಾಗಿ Ctrl+Shift+2 ಒತ್ತಿ ಚಿತ್ರಗಳನ್ನು ದೊಡ್ಡದು ಮಾಡಿಕೊಳ್ಳಿ. ಧಾರೆಯ ಫೋಟೊಗಳು DSC_0412ರಿಂದ DSC_0460ರವರೆಗೆ ಸಾಲಾಗಿವೆ, ಅವುಗಳಲ್ಲಿ ಬಹುಪಾಲು ಬೇಕು ಎಂದಿಟ್ಟುಕೊಳ್ಳಿ. ಮೊದಲನೆಯದರ ಮೇಲೆ ಒಂದು ಕ್ಲಿಕ್. ಕೆಳಗೆ ಸರಿದು, Shift ಒತ್ತಿಹಿಡಿದು ಕೊನೆಯದರ ಮೇಲೆ ಕ್ಲಿಕ್. ನಡುವಿನ 49 ಫೋಟೊಗಳೂ ನೀಲಿಯಾಗುತ್ತವೆ. ಇವುಗಳಲ್ಲಿ ಯಾರೋ ಕಣ್ಣು ಮುಚ್ಚಿದ್ದು, ಯಾರದೋ ಬೆನ್ನು ಅಡ್ಡ ಬಂದದ್ದು ಇದ್ದೇ ಇರುತ್ತದೆ. Ctrl ಒತ್ತಿಹಿಡಿದು ಅಂಥವುಗಳ ಮೇಲೆ ಒಂದೊಂದೇ ಕ್ಲಿಕ್ ಮಾಡುತ್ತ ಹೋದರೆ ಅವು ಮಾತ್ರ ಆಯ್ಕೆಯಿಂದ ಹೊರಬೀಳುತ್ತವೆ. ಆಯ್ಕೆಯಾಗದ ಫೋಟೊ ಮೇಲೆ ಹಾಗೇ ಕ್ಲಿಕ್ ಮಾಡಿದರೆ ಅದು ಒಳಗೆ ಸೇರುತ್ತದೆ. ಅಂದರೆ Shift ಸಾಲನ್ನು ಹಿಡಿಯುತ್ತದೆ, Ctrl ಬಿಡಿಬಿಡಿಯಾಗಿ ಸೇರಿಸುತ್ತದೆ ಇಲ್ಲವೇ ತೆಗೆಯುತ್ತದೆ.

Shift ಹಿಡಿಯುವ ಸಾಲು ಪರದೆಯ ಮೇಲೆ ಈಗ ಕಾಣುತ್ತಿರುವ ಸಾಲು. ಫೋಟೊಗಳು ಹೆಸರಿನ ಪ್ರಕಾರ ಜೋಡಣೆಯಾಗಿದ್ದರೆ ನಂಬರಿನ ಸಾಲು ಸಿಗುತ್ತದೆ. ಗಾತ್ರದ ಪ್ರಕಾರ ಜೋಡಣೆಯಾಗಿದ್ದರೆ ಧಾರೆಯ ನಡುವೆ ಊಟದ ಪಂಕ್ತಿ, ಆರತಕ್ಷತೆ ಎಲ್ಲ ನುಗ್ಗಿಬಿಡುತ್ತವೆ. ಆರಿಸುವ ಮುನ್ನ Sort ಮೆನುವಿನಲ್ಲಿ Name ಇದೆಯೇ ನೋಡಿಕೊಳ್ಳಿ.

ಇನ್ನು ಹೊಸಬರನ್ನು ಅಳಿಸುವ ಸಂಗತಿಗೆ ಬರೋಣ. ನಲವತ್ತು ಫೋಟೊ ಕಷ್ಟಪಟ್ಟು ಆರಿಸಿದ್ದೀರಿ, Ctrl ಮೇಲಿನ ಬೆರಳು ಒಂದು ಕ್ಷಣ ಎತ್ತಿತು, ಕ್ಲಿಕ್ ಬಿತ್ತು. ನಲವತ್ತೂ ಮಾಯ, ಒಂದೇ ಉಳಿಯಿತು. ಖಾಲಿ ಜಾಗದಲ್ಲಿ ಕ್ಲಿಕ್ ಮಾಡಿದರೂ ಅಷ್ಟೇ. ಫೋಟೊಗಳಿಗೇನೂ ಆಗಿರುವುದಿಲ್ಲ, ಹೋದದ್ದು ಆಯ್ಕೆ ಮಾತ್ರ. ಆದರೆ ಆಯ್ಕೆಯನ್ನು Ctrl+Z ಮರಳಿ ತರುವುದಿಲ್ಲ. ಅದಕ್ಕೇ 150ನ್ನೂ ಒಂದೇ ಉಸಿರಿಗೆ ಆರಿಸಲು ಹೋಗಬಾರದು ಎಂಬುದು ನನ್ನ ಅಭಿಪ್ರಾಯ. ಹದಿನೈದಿಪ್ಪತ್ತು ಆರಿಸಿ, Ctrl+C ಮಾಡಿ, ಆಲ್ಬಮ್ ಫೋಲ್ಡರ್‌ನಲ್ಲಿ Ctrl+V ಮಾಡಿ, ಮತ್ತೆ ಮುಂದಿನ ಕಂತು. ಎರಡೂ ಫೋಲ್ಡರ್ ಪಕ್ಕಪಕ್ಕ ಇದ್ದರೆ ಓಡಾಟ ಕಡಿಮೆ: Ctrl+N ಒತ್ತಿ ಇನ್ನೊಂದು ವಿಂಡೋ ತೆರೆದು, ವಿಂಡೋಸ್ ಕೀಲಿಯ ಜೊತೆ ಎಡ ಬಾಣ ಒತ್ತಿದರೆ ಒಂದು ಎಡಕ್ಕೆ ಅಂಟಿಕೊಳ್ಳುತ್ತದೆ, ಬಲ ಬಾಣಕ್ಕೆ ಇನ್ನೊಂದು ಬಲಕ್ಕೆ.

ಇನ್ನೊಂದು ಎಡವಟ್ಟು ಮೌಸ್ ನಡುಗುವುದರಿಂದ ಆಗುವಂಥದು. Ctrl ಹಿಡಿದು ಕ್ಲಿಕ್ ಮಾಡುವಾಗ ಕೈ ಸ್ವಲ್ಪ ಜಾರಿದರೆ, ನೀವು ಫೋಟೊಗಳನ್ನು ಎಳೆಯುತ್ತಿದ್ದೀರಿ ಎಂದು ಕಂಪ್ಯೂಟರ್ ತಿಳಿಯುತ್ತದೆ. Ctrl ಹಿಡಿದು ಎಳೆದರೆ ಕಾಪಿ ಎಂದೇ ಅರ್ಥ. ಫೋಲ್ಡರ್‌ನಲ್ಲಿ ಇದ್ದಕ್ಕಿದ್ದಂತೆ ಹೆಸರಿನ ಕೊನೆಗೆ Copy ಎಂದಿರುವ ಫೋಟೊಗಳು ಕಂಡರೆ ಆದದ್ದು ಇದೇ. ಗಾಬರಿಯಿಲ್ಲದೆ ಕೂಡಲೇ Ctrl+Z ಒತ್ತಿ. ಆ ನಕಲುಗಳು ಹೋಗುತ್ತವೆ. ಕೈ ಸ್ಥಿರವಿಲ್ಲದವರು ಮೌಸ್ ಬಿಟ್ಟೇಬಿಡಬಹುದು. Ctrl ಹಿಡಿದು ಬಾಣದ ಕೀಲಿ ಒತ್ತಿದರೆ ಆಯ್ಕೆ ಅಳಿಸದೆ ಒಂದು ತೆಳು ಚೌಕಟ್ಟು ಫೋಟೊದಿಂದ ಫೋಟೊಗೆ ಸಾಗುತ್ತದೆ. ಬೇಕಾದದ್ದು ಬಂದಾಗ Ctrl ಬಿಡದೆ ಸ್ಪೇಸ್‌ಬಾರ್ ಒತ್ತಿದರೆ ಅದು ಆಯ್ಕೆಗೆ ಸೇರುತ್ತದೆ. ನಿಧಾನ ನಿಜ, ಆದರೆ ಎಳೆದುಬಿಡುವ ಭಯವಿಲ್ಲ.

ಕಂತುಕಂತಾಗಿ ಕಾಪಿ ಮಾಡುವಾಗ ಒಂದೇ ಫೋಟೊವನ್ನು ಎರಡು ಸಲ ಆರಿಸಿಬಿಡುವುದು ಸಹಜ. ಆಗ ಅದೇ ಹೆಸರಿನ ಫೈಲು ಆಗಲೇ ಇದೆ ಎಂದು ಕಂಪ್ಯೂಟರ್ ಕೇಳುತ್ತದೆ. ಈ ಸಂದರ್ಭದಲ್ಲಿ ಎರಡೂ ಒಂದೇ ಫೋಟೊ ಎಂದು ನಮಗೆ ಗೊತ್ತು, ಹಾಗಾಗಿ Skip ಆರಿಸಿದರೆ ಸಾಕು. ಎರಡು ಕ್ಯಾಮೆರಾ ಬಳಸಿದ ಮದುವೆಯಾದರೆ ಸ್ವಲ್ಪ ಹುಷಾರು: ಎರಡರಲ್ಲೂ DSC_0100 ಇರಬಹುದು, ಚಿತ್ರ ಮಾತ್ರ ಬೇರೆ. ಅಲ್ಲಿ Replace ಒತ್ತಿದರೆ ಆಲ್ಬಮ್ ಫೋಲ್ಡರ್‌ನಲ್ಲಿ ಮೊದಲಿದ್ದ ಚಿತ್ರ ಹೋಗಿಬಿಡುತ್ತದೆ.

ಕಾಪಿಯ ಬದಲು Ctrl+X, ಅಂದರೆ ಕಟ್ ಮಾಡಬಾರದೇ? ಮಾಡಬಹುದು. Ctrl+X ಒತ್ತಿದಾಗ ಫೋಟೊಗಳು ಮಸುಕಾಗುತ್ತವೆ ಅಷ್ಟೆ, ಎಲ್ಲಿಗೂ ಹೋಗುವುದಿಲ್ಲ. Ctrl+V ಒತ್ತಿದಾಗಲೇ ಸ್ಥಳಾಂತರ. ಮಧ್ಯದಲ್ಲಿ ಮನಸ್ಸು ಬದಲಾಗಿ ಬೇರೇನನ್ನೋ ಕಾಪಿ ಮಾಡಿದರೂ ಫೈಲುಗಳು ಇದ್ದಲ್ಲೇ ಇರುತ್ತವೆ. ಒಂದೇ ಡ್ರೈವಿನೊಳಗೆ ಎಷ್ಟು ಜಿಬಿ ಸ್ಥಳಾಂತರಿಸಿದರೂ ಕಣ್ಣುಮುಚ್ಚಿ ತೆರೆಯುವುದರಲ್ಲಿ ಮುಗಿಯುತ್ತದೆ, ಏಕೆಂದರೆ ಫೈಲು ಅಲ್ಲಾಡುವುದಿಲ್ಲ, ಅದು ಯಾವ ಫೋಲ್ಡರ್‌ನಲ್ಲಿದೆ ಎಂಬ ದಾಖಲೆ ಮಾತ್ರ ತಿದ್ದುಪಡಿಯಾಗುತ್ತದೆ. ಪೆನ್‌ಡ್ರೈವ್‌ಗೆ ಸ್ಥಳಾಂತರಿಸುವಾಗ ಹಾಗಲ್ಲ. ಆಗ ಕಂಪ್ಯೂಟರ್ ಮೊದಲು ಅಲ್ಲಿ ನಕಲು ಬರೆದು, ಆಮೇಲೆ ಇಲ್ಲಿನದನ್ನು ಅಳಿಸುತ್ತದೆ. ನಡುವೆ ಪೆನ್‌ಡ್ರೈವ್ ಕಿತ್ತರೆ ಕೆಲವು ಅಲ್ಲಿ, ಕೆಲವು ಇಲ್ಲಿ ಎಂದಾಗುತ್ತದೆ. ಆದ್ದರಿಂದ ಡ್ರೈವ್ ಬದಲಾಗುವ ಕಡೆ ಕಟ್ ಬೇಡ. ಕಾಪಿ ಮಾಡಿ, ಎಣಿಕೆ ನೋಡಿ, ಬೇಡವಾದದ್ದನ್ನು ಆಮೇಲೆ ಅಳಿಸಿ. ಪೆನ್‌ಡ್ರೈವ್‌ನಿಂದ ಅಳಿಸಿದ್ದು ಸಾಮಾನ್ಯವಾಗಿ ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ, ನೇರ ಇಲ್ಲವಾಗುತ್ತದೆ ಎಂಬುದೂ ನೆನಪಿರಲಿ.

ಎಣಿಕೆ ನೋಡುವುದು ಸುಲಭ. ವಿಂಡೋದ ಕೆಳ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ, ಎಷ್ಟು ಫೈಲು ಆಯ್ಕೆಯಾಗಿವೆ, ಒಟ್ಟು ಗಾತ್ರ ಎಷ್ಟು ಎಂದು ಬರೆದಿರುತ್ತದೆ. ಆಲ್ಬಮ್ ಫೋಲ್ಡರ್‌ನಲ್ಲಿ Ctrl+A ಒತ್ತಿ, 150 ಇದೆಯೇ ನೋಡಿ. ಆಯ್ಕೆಯಲ್ಲಿ ಫೋಲ್ಡರ್ ಸೇರಿಕೊಂಡಿದ್ದರೆ ಅಲ್ಲಿ ಗಾತ್ರ ಕಾಣಿಸುವುದಿಲ್ಲ. ಆಗ Alt+Enter ಒತ್ತಿದರೆ ಒಳಗಿನದೂ ಸೇರಿ ಲೆಕ್ಕ ಸಿಗುತ್ತದೆ.

ಎಲ್ಲ ಆಯ್ಕೆಯಾಗಿರುವಾಗ F2 ಮಾತ್ರ ಮುಟ್ಟಬೇಡಿ. ಅದು ಹೆಸರು ಬದಲಿಸುವ ಕೀಲಿ. ಏನಾದರೂ ಟೈಪ್ ಮಾಡಿ Enter ಒತ್ತಿದರೆ 150 ಫೋಟೊಗಳಿಗೂ ಅದೇ ಹೆಸರು ಬಂದು, ಪಕ್ಕದಲ್ಲಿ (1), (2), (3) ಎಂದು ಅಂಕಿ ಬೀಳುತ್ತದೆ. ಬೇರೆ ಹೊತ್ತಿನಲ್ಲಿ ಇದು ಬಹಳ ಉಪಯೋಗದ ಕೀಲಿಯೇ. ಆದರೆ ಸ್ಟುಡಿಯೋದವರು ತಮ್ಮ ಬಳಿಯಿರುವ ಮೂಲ ಫೋಟೊವನ್ನು ಹುಡುಕುವುದು ಆ DSC ನಂಬರಿನಿಂದ. ಒತ್ತಿಬಿಟ್ಟಿದ್ದರೆ, ಬೇರೆ ಏನೂ ಮಾಡುವ ಮೊದಲು Ctrl+Z.