ಸೂತ್ರದ ಫಂಡ್ ಕೈಕೊಡುವುದು ಯಾವಾಗ?

ಮಾಡದಕೆರೆಯ ತೆಂಗು ಬೆಳೆಗಾರರೊಬ್ಬರು ಕೊಬ್ಬರಿ ಮಾರಿ ಬಂದ ಒಂದು ಲಕ್ಷ ರೂಪಾಯಿಯನ್ನು 2024ರ ಸೆಪ್ಟೆಂಬರ್ ಕೊನೆಯಲ್ಲಿ ಮೊಮೆಂಟಮ್ ಇಂಡೆಕ್ಸ್ ಫಂಡಿಗೆ ಒಂದೇ ಸಲ ಹಾಕಿದರು ಎಂದಿಟ್ಟುಕೊಳ್ಳಿ. 2025ರ ಮಾರ್ಚ್ ಮೊದಲ ವಾರದ ಹೊತ್ತಿಗೆ ಅದರಲ್ಲಿ ಸುಮಾರು ಮೂರನೇ ಒಂದು ಪಾಲು ಕರಗಿರುತ್ತಿತ್ತು. ನಿಫ್ಟಿ 50 ಫಂಡಿಗೆ ಹಾಕಿದ್ದರೆ ನಷ್ಟ ಅದರ ಅರ್ಧದಷ್ಟು. ಹಾಗೆಂದು ಫಂಡ್ ನಡೆಸುವವರು ತಪ್ಪು ಮಾಡಿರಲಿಲ್ಲ. ಸೂತ್ರ ಹೇಳಿದ್ದನ್ನೇ ಚಾಚೂ ತಪ್ಪದೆ ಮಾಡಿದ್ದರು.

ಫ್ಯಾಕ್ಟರ್ ಹೂಡಿಕೆ ಎಂದರೆ ಇಷ್ಟೇ: ಷೇರಿನ ಒಂದು ಗುಣವನ್ನು ಅಳೆದು, ಆ ಗುಣ ಹೆಚ್ಚಿರುವುದನ್ನು ಮಾತ್ರ ಕೊಳ್ಳುವುದು. ಮನುಷ್ಯರ ಊಹೆಗೆ ಅಲ್ಲಿ ಜಾಗವಿಲ್ಲ. ನಿಫ್ಟಿ 200 ಮೊಮೆಂಟಮ್ 30 ಸೂಚ್ಯಂಕ ಅಳೆಯುವುದು ಬೆಲೆಯ ಓಟವನ್ನು. ಕಳೆದ 6 ಮತ್ತು 12 ತಿಂಗಳಲ್ಲಿ ಬೆಲೆ ಎಷ್ಟು ಏರಿತು ಎಂದು ನೋಡಿ, ಅದನ್ನು ಆ ಷೇರಿನ ಏರಿಳಿತದಿಂದ ಭಾಗಿಸಿ ಅಂಕ ಕೊಡುತ್ತದೆ. ಮುಂದಿರುವ 30 ಷೇರುಗಳು ಒಳಗೆ ಬರುತ್ತವೆ. ಪಟ್ಟಿ ಬದಲಾಗುವುದು ವರ್ಷಕ್ಕೆ ಎರಡೇ ಬಾರಿ, ಜೂನ್ ಮತ್ತು ಡಿಸೆಂಬರ್‌ನಲ್ಲಿ. ಒಳ್ಳೆಯ ಸುದ್ದಿಯನ್ನು ಜನ ತಡವಾಗಿ ನಂಬುತ್ತಾರೆ, ಹಾಗಾಗಿ ಏರುತ್ತಿರುವುದು ಇನ್ನಷ್ಟು ದಿನ ಏರುತ್ತದೆ ಎಂಬುದು ಇದರ ಹಿಂದಿನ ವಾದ. ಅಮೆರಿಕದ ಷೇರುಗಳಲ್ಲಿ ಈ ಓಟ ಮುಂದುವರಿಯುವುದನ್ನು ಜೇಗದೀಶ್ ಮತ್ತು ಟಿಟ್‌ಮನ್ 1993ರಲ್ಲಿ ಲೆಕ್ಕ ಹಾಕಿ ತೋರಿಸಿದರು.

ಈ ಸೂತ್ರದ ಕಣ್ಣಿಗೆ ಬೆಂಗಳೂರಿನ ಎಚ್‌ಎಎಲ್ ಷೇರು ಹೇಗೆ ಕಂಡೀತು ನೋಡಿ. 2024ರ ಮೇ ಕೊನೆಗೆ ಅದರ ಬೆಲೆ ಹಿಂದಿನ ವರ್ಷದ ಎರಡು ಪಟ್ಟಿಗೂ ಮಿಕ್ಕಿತ್ತು. ಜೂನ್ ಪಟ್ಟಿಗೆ ಲೆಕ್ಕ ಹಿಡಿಯುವುದು ಈ ಮೇ ಕೊನೆಯ ಬೆಲೆಯನ್ನೇ, ಆದ್ದರಿಂದ ಅಂಕ ಭರ್ಜರಿಯಾಗಿ ಬರುತ್ತದೆ. ಜುಲೈನಲ್ಲಿ ಷೇರು 5,600 ರೂಪಾಯಿ ದಾಟಿ, ಅಲ್ಲಿಂದ ಇಳಿಯತೊಡಗಿತು. ಸೂತ್ರ ಮತ್ತೆ ನೋಡುವುದು ನವೆಂಬರ್ ಕೊನೆಯ ಬೆಲೆಯನ್ನು, ಪಟ್ಟಿ ಬದಲಾಗುವುದು ಡಿಸೆಂಬರ್ ಕೊನೆಗೆ. ನಡುವಿನ ತಿಂಗಳುಗಳಲ್ಲಿ ಇಂಥ ಷೇರು ಎಷ್ಟೇ ಕುಸಿದರೂ ಫಂಡ್ ಅದನ್ನು ಮಾರುವಂತಿಲ್ಲ. 2025ರ ಮಾರ್ಚ್ ಆರಂಭದಲ್ಲಿ ಎಚ್‌ಎಎಲ್ ಸುಮಾರು 3,100 ರೂಪಾಯಿಗೆ ಬಂದಿತ್ತು. ಮಾರುಕಟ್ಟೆ ತಟ್ಟನೆ ದಿಕ್ಕು ಬದಲಿಸಿದಾಗ ಮೊಮೆಂಟಮ್‌ಗೆ ಪೆಟ್ಟು ಬೀಳುವುದು ಹೀಗೆ. ಮೇಲಕ್ಕೆ ತಿರುಗಿದಾಗಲೂ ಅದು ಹಿಂದೆ ಬೀಳಬಹುದು: 2009ರ ಮಾರ್ಚ್ ನಂತರ ಅಮೆರಿಕದಲ್ಲಿ ಅತಿ ವೇಗವಾಗಿ ಏರಿದ್ದು ಹಿಂದೆ ಅತಿ ಹೆಚ್ಚು ಬಿದ್ದಿದ್ದ ಷೇರುಗಳೇ.

ಕ್ವಾಲಿಟಿ ಸೂಚ್ಯಂಕ ನೋಡುವುದು ಬೇರೆಯದನ್ನೇ. ಮಾಲೀಕರ ಬಂಡವಾಳದ ಮೇಲೆ ಎಷ್ಟು ಲಾಭ, ಸಾಲ ಎಷ್ಟು, ಐದು ವರ್ಷಗಳಲ್ಲಿ ಲಾಭದ ಬೆಳವಣಿಗೆ ಎಷ್ಟು ಸಮನಾಗಿದೆ ಎಂಬ ಮೂರು ಪ್ರಶ್ನೆಗಳಷ್ಟೇ. ಷೇರು ತುಟ್ಟಿಯೋ ಅಗ್ಗವೋ ಎಂದು ಅದು ಕೇಳುವುದಿಲ್ಲ. ಇನ್ಫೋಸಿಸ್ ಸಾಲವಿಲ್ಲದ, ಲಾಭ ಬಿಡದ ಕಂಪನಿ. ಆದರೂ 2022ರ ಜನವರಿಯಲ್ಲಿ 1,900 ರೂಪಾಯಿ ಆಸುಪಾಸಿನಲ್ಲಿದ್ದ ಷೇರು 2023ರ ಏಪ್ರಿಲ್‌ನಲ್ಲಿ 1,300ಕ್ಕಿಂತ ಕೆಳಗಿಳಿಯಿತು. ಕಂಪನಿ ಕೆಟ್ಟಿರಲಿಲ್ಲ, ಕೊಂಡ ಬೆಲೆ ಹೆಚ್ಚಾಗಿತ್ತು. ಅದೇ ಹೊತ್ತಿಗೆ ಸರ್ಕಾರಿ ಬ್ಯಾಂಕುಗಳ ಷೇರುಗಳು ಏರುತ್ತಿದ್ದವು. ಇಂಥ ಕಾಲದಲ್ಲಿ ಕ್ವಾಲಿಟಿ ಫಂಡ್ ವರ್ಷಗಟ್ಟಲೆ ಹಿಂದುಳಿಯಬಹುದು.

ನಿಫ್ಟಿ 100 ಲೋ ವೊಲಟಿಲಿಟಿ 30 ಕಳೆದ ಒಂದು ವರ್ಷದಲ್ಲಿ ದಿನದಿನದ ಏರಿಳಿತ ಕಡಿಮೆ ಇದ್ದ ಷೇರುಗಳನ್ನು ಆರಿಸುತ್ತದೆ. ಏರಿಳಿತ ಕಡಿಮೆ ಎಂದರೆ ನಷ್ಟವೇ ಇಲ್ಲವೆಂದಲ್ಲ. 2020ರ ಮಾರ್ಚ್‌ನಲ್ಲಿ ಇದೂ ಬಿತ್ತು. ಇದು ಬೇಸರ ತರಿಸುವುದು ಮಾರುಕಟ್ಟೆ ಜೋರಾಗಿ ಏರುವಾಗ: ನೆರೆಯವರ ಫಂಡ್ ಓಡುತ್ತದೆ, ನಮ್ಮದು ನಡೆಯುತ್ತದೆ. ಬಹಳ ಮಂದಿ ಇದನ್ನು ಬಿಟ್ಟು ಹೊರಬರುವುದು ಆಗಲೇ.

ಜಾಹೀರಾತಿನ ಗ್ರಾಫ್ ನೋಡುವಾಗ ಸೂಚ್ಯಂಕ ಹುಟ್ಟಿದ ದಿನವನ್ನು ಮೊದಲು ಕೇಳಿ. ಮೊಮೆಂಟಮ್ 30ರ ಅಂಕಿಗಳು 2005ರಿಂದ ಸಿಗುತ್ತವೆ, ಆದರೆ ಅದು ಬಿಡುಗಡೆಯಾದದ್ದು 2020ರ ಆಗಸ್ಟ್‌ನಲ್ಲಿ. ಅದಕ್ಕೂ ಹಿಂದಿನದೆಲ್ಲ ಫಲಿತಾಂಶ ಗೊತ್ತಾದ ಮೇಲೆ ಹಿಂದಕ್ಕೆ ಹಾಕಿದ ಲೆಕ್ಕ. ಅಮೆರಿಕದ ಇಂಥ 97 ಸೂತ್ರಗಳನ್ನು ಮೆಕ್ಲೀನ್ ಮತ್ತು ಪಾಂಟಿಫ್ ಪರೀಕ್ಷಿಸಿದರು. ಸಂಶೋಧನೆ ಪ್ರಕಟವಾದ ಮೇಲೆ ಅವುಗಳ ಹೆಚ್ಚುವರಿ ಲಾಭ ಸರಾಸರಿ ಅರ್ಧಕ್ಕಿಂತ ಕೆಳಗಿಳಿದಿತ್ತು.

ಹಿಂದುಳಿದ ಫಂಡ್ ಬಿಟ್ಟು ಮುಂದಿರುವುದಕ್ಕೆ ಹಾರುವುದು ಇನ್ನೂ ದುಬಾರಿ. ವರ್ಷದೊಳಗೆ ಮಾರಿದ ಲಾಭಕ್ಕೆ 2024ರ ಜುಲೈ 23ರಿಂದ ಶೇ. 20 ತೆರಿಗೆ ಇದೆ. ಅದರ ಮೇಲೆ, ಓಡಿ ಮುಗಿಸಿದ್ದನ್ನು ತುಟ್ಟಿ ಬೆಲೆಗೆ ಕೊಂಡಂತಾಗುತ್ತದೆ. ಐದಾರು ವರ್ಷದೊಳಗೆ ಬೋರ್‌ವೆಲ್‌ಗೋ ಮದುವೆಗೋ ಬೇಕಾಗುವ ಹಣ ಈ ಮೂರರಲ್ಲಿ ಯಾವುದಕ್ಕೂ ಬೇಡ. ಉಳಿದದ್ದನ್ನು ಹಾಕುವವರು ಹೂಡಿಕೆಯ ಬಹುಪಾಲನ್ನು ಸಾಮಾನ್ಯ ನಿಫ್ಟಿ ಫಂಡಿನಲ್ಲಿಟ್ಟು, ಚಿಕ್ಕ ಪಾಲನ್ನು ಒಂದು ಸೂತ್ರಕ್ಕೆ ಕಂತುಕಂತಾಗಿ ಕಟ್ಟುವುದು ವಾಸಿ. ಆ ಸೂತ್ರ ಮೂರು ವರ್ಷ ಸತತ ಹಿಂದುಳಿದರೂ ಕಂತು ನಿಲ್ಲಿಸದಷ್ಟು ಚಿಕ್ಕದಾಗಿರಲಿ ಆ ಪಾಲು.