ಸಂದಿನೊಳಗಿದ್ದ ಉಳಿಯ ಗುರುತು

ತೀರ್ಥಹಳ್ಳಿ ಕಡೆಯ ಒಂದು ಹಳೆಮನೆಯನ್ನು ಕೆಡವುವ ಮೊದಲು, ಉಪ್ಪರಿಗೆಯಲ್ಲಿದ್ದ ತೇಗದ ಕಪಾಟನ್ನು ಕೆಳಗಿಳಿಸಬೇಕಿತ್ತು. ಮೆಟ್ಟಿಲು ಕಿರಿದು, ಕಪಾಟು ಹಿರಿದು. ಅದನ್ನು ಬಿಚ್ಚಿಯೇ ಇಳಿಸಬೇಕೆಂದು ಮನೆಯ ಹಿರಿಯಮ್ಮ ಪೇಟೆಯಿಂದ ಬಡಗಿಯೊಬ್ಬರನ್ನು ಕರೆಸಿದರು. ಅವರ ತಂದೆಯೂ ಬಡಗಿ, ತೀರಿಕೊಂಡು ಬಹಳ ವರ್ಷವಾಗಿದೆ. ಮಗನ ಕೆಲಸ ಈಗ ಹೆಚ್ಚಾಗಿ ಪ್ಲೈವುಡ್‌ನದು.

ಕಪಾಟಿನ ಮೇಲೆ ಬೆರಳು ಹೂತುಹೋಗುವಷ್ಟು ಧೂಳು. ಒರೆಸಿ ನೋಡಿದರೆ ಹೊರಗೆಲ್ಲೂ ಮಾಡಿದವರ ಹೆಸರಿಲ್ಲ. ನಮ್ಮಲ್ಲಿ ಮನೆಬಳಕೆಯ ಮರದ ಸಾಮಾನಿಗೆ ಹೆಸರು ಹಾಕುವ ರೂಢಿ ಇರಲಿಲ್ಲ. ಹೊಯ್ಸಳರ ಕಾಲದ ಮಲ್ಲಿತಮ್ಮ ಸೋಮನಾಥಪುರದ ಕಲ್ಲಿನ ಮೇಲೆ ತನ್ನ ಹೆಸರು ಕೆತ್ತಿಟ್ಟ. ಊಟದ ಪಾತ್ರೆ ಇಡುವ ಕಪಾಟು ಮಾಡಿದವನಿಗೆ ಅಂಥ ಅವಕಾಶ ಎಲ್ಲಿಂದ ಬರಬೇಕು?

ಹಳೆಯ ಕಪಾಟಿನ ಚೌಕಟ್ಟಿಗೆ ಕಬ್ಬಿಣದ ಮೊಳೆ ಇರುವುದು ಅಪರೂಪ. ಅಡ್ಡಪಟ್ಟಿಯ ತುದಿಯಲ್ಲಿ ನಾಲಗೆಯಂತೆ ಒಂದು ಭಾಗವನ್ನು ಬಿಟ್ಟು, ನಿಲುಪಟ್ಟಿಯಲ್ಲಿ ಅದಕ್ಕೆ ತಕ್ಕ ಗುಳಿ ತೋಡಿ, ಒಂದರೊಳಗೊಂದನ್ನು ಕೂಡಿಸುತ್ತಾರೆ. ಸಂದಿಗೆ ಮರವಜ್ರ ಹಚ್ಚಿ, ಅಡ್ಡಲಾಗಿ ಬಿದಿರಿನ ಮೊಳೆ ಹೊಡೆದರೆ ಮುಗಿಯಿತು. ಮರವಜ್ರವೆಂದರೆ ಪ್ರಾಣಿಗಳ ಚರ್ಮ, ಮೂಳೆ ಕುದಿಸಿ ತೆಗೆದ ಅಂಟು. ಬಿಸಿನೀರು ತಾಗಿದರೆ ಅದು ಮೆತ್ತಗಾಗುತ್ತದೆ. ಆದ್ದರಿಂದಲೇ ಹಳೆಯ ಸಾಮಾನನ್ನು ಮರ ಸೀಳದಂತೆ ಬಿಚ್ಚಬಹುದು. ಮಗ ಬಿದಿರಿನ ಮೊಳೆಗಳನ್ನು ಹಿಂದಿನಿಂದ ತಟ್ಟಿ ಹೊರದೂಡಿದರು, ಸಂದುಗಳಿಗೆ ಬಿಸಿನೀರಿನ ಬಟ್ಟೆ ಸುತ್ತಿ ಕಾದರು, ಆಮೇಲೆ ಕೊಡತಿಯಲ್ಲಿ ಮೆಲ್ಲನೆ ಬಡಿದರು. ಬಾಗಿಲಿನ ಮೊದಲ ನಾಲಗೆ ಹೊರಬಂದಾಗ ಅದರ ಕೆನ್ನೆಯ ಮೇಲೆ ಉಳಿಯ ಏಟುಗಳಿದ್ದವು.

ಏಟುಗಳಿರುವುದರಲ್ಲಿ ಅಚ್ಚರಿಯೇನಿಲ್ಲ. ಕೈಯಲ್ಲಿ ಕೊರೆದ ಪ್ರತಿಯೊಂದು ನಾಲಗೆಯೂ ಕೂದಲೆಳೆಯಷ್ಟು ಬೇರೆ ಬೇರೆ. ಒಂದರ ಗುಳಿಗೆ ಇನ್ನೊಂದು ಹೊಂದುವುದಿಲ್ಲ. ಹಾಗಾಗಿ ಜೋಡಿ ತಪ್ಪದಿರಲಿ ಎಂದು ಎರಡೂ ತುಂಡಿಗೆ ಒಂದೇ ಸಂಖ್ಯೆ ಹಾಕುತ್ತಾರೆ. ಉಳಿಯಿಂದ ಹೊಡೆಯುವುದು ನೇರ ಗೀಟನ್ನು ಮಾತ್ರ, ಬಳುಕು ಅಂಕಿಗಳು ಅದಕ್ಕೆ ಒಗ್ಗುವುದಿಲ್ಲ. ಒಂದಕ್ಕೆ ಒಂದು ಏಟು, ಎರಡಕ್ಕೆ ಎರಡು, ಐದಕ್ಕೆ ಎರಡು ಓರೆ ಏಟು, ಹತ್ತಕ್ಕೆ ಕತ್ತರಿ. ನಾಲ್ಕಕ್ಕೆ ಸಾಲಾಗಿ ನಾಲ್ಕು ಏಟನ್ನೇ ಹೊಡೆಯುವವರಿದ್ದಾರೆ, ಪಟ್ಟಿ ತಲೆಕೆಳಗಾದಾಗ ನಾಲ್ಕು ಆರಾಗಿ ಕಾಣಬಾರದಲ್ಲ!

ಆದರೆ ಈ ಸಂಖ್ಯೆಗಳ ಬುಡದಲ್ಲಿ ಇನ್ನೊಂದು ಚಿಕ್ಕ ಓರೆ ಏಟಿತ್ತು. ಮಗ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. “ಇದು ಅಪ್ಪಯ್ಯನ ಕೈ ಅಮ್ಮಾ,” ಎಂದರು.

“ಗೀಟು ಯಾರು ಬೇಕಾದ್ರೂ ಹಾಕ್ತಾರಲ್ಲ ಆಚಾರ್ರೇ?” ಎಂದು ಹಿರಿಯಮ್ಮ ಕೇಳಿದ್ದು ಸರಿಯಾಗಿಯೇ ಇತ್ತು. ಒಂದು ಗೀಟು ಏನನ್ನೂ ಸಾಬೀತು ಮಾಡುವುದಿಲ್ಲ. ಮಗ ಉಳಿದ ಸಂದುಗಳನ್ನೂ ಬಿಚ್ಚಿ, ನಾಲಗೆಗಳನ್ನು ಸಾಲಾಗಿಟ್ಟು ನೋಡಿದರು. ಅವರ ತಂದೆ ಎಡಚರು. ಚೌಕಟ್ಟಿನ ಮೇಲ್ಭಾಗ ಯಾವುದೆಂದು ತಿಳಿಯಲು ಹೊಡೆಯುತ್ತಿದ್ದ ಆ ಓರೆ ಏಟು ಬೇರೆಯವರದಕ್ಕೆ ಎದುರು ದಿಕ್ಕಿಗೆ ವಾಲುತ್ತಿತ್ತು. ಇಲ್ಲಿ ಎಲ್ಲವೂ ಹಾಗೆಯೇ ವಾಲಿದ್ದವು. ಏಟಿನ ಒಳಗನ್ನು ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ಉಳಿಯ ಒಂದು ಮುಖ ಚಪ್ಪಟೆ, ಇನ್ನೊಂದು ಇಳಿಜಾರು. ಅದನ್ನು ನೆಟ್ಟಗೆ ಹಿಡಿದು ಹೊಡೆದರೆ ಗೀಟಿನ ಒಂದು ಗೋಡೆ ಕಡಿದಾಗಿ, ಇನ್ನೊಂದು ಜಾರಾಗಿ ಬರುತ್ತದೆ. ಜಾರು ಯಾವ ಪಕ್ಕಕ್ಕೆ ಬರುತ್ತದೆ ಎಂಬುದು ಉಳಿ ಹಿಡಿಯುವ ಅಭ್ಯಾಸಕ್ಕೆ ಬಿಟ್ಟದ್ದು. ಅಷ್ಟೂ ಗೀಟುಗಳಲ್ಲಿ ಅದು ಒಂದೇ ಪಕ್ಕದಲ್ಲಿತ್ತು, ತಂದೆಯ ಪಕ್ಕದಲ್ಲಿ.

ಗೀಟುಗಳ ನಡುವೆ ಒಂದು ಸಣ್ಣ ಏಣೂ ಕಂಡಿತು. ಉಳಿಯ ಬಾಯಿ ಒಂದು ಕಡೆ ಮುಕ್ಕಾಗಿದ್ದರೆ ಅಲ್ಲಿ ಮರ ಕಡಿಯದೆ ಹಾಗೇ ನಿಲ್ಲುತ್ತದೆ. ತಂದೆಯ ಅರ್ಧ ಇಂಚಿನ ಉಳಿ ಇಂದಿಗೂ ಮಗನ ಪೆಟ್ಟಿಗೆಯಲ್ಲಿದೆ. ಆದರೆ ಅದನ್ನು ಎಷ್ಟೋ ಸಲ ಸಾಣೆ ಹಿಡಿದಾಗಿದೆ, ಆ ಮುಕ್ಕು ಸವೆದು ಹೋಗಿದೆ. ಉಳಿಯನ್ನು ಗೀಟಿಗೆ ಹೊಂದಿಸಿ ನೋಡುವ ದಾರಿ ಇಲ್ಲ. ಜೊತೆಯಲ್ಲಿ ಕೆಲಸ ಮಾಡಿದ ಯಾರೋ ಅದೇ ಉಳಿಯನ್ನು ಬಳಸಿರಲೂಬಹುದು. ಹಾಗಾಗಿ ಅವರು ಏಣನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಕೈಯ ಅಭ್ಯಾಸವನ್ನೇ ನೆಚ್ಚಿದರು. ಉಪಕರಣವನ್ನು ಎರವಲು ಪಡೆಯಬಹುದು, ಹಿಡಿಯುವ ರೀತಿಯನ್ನು ಎರವಲು ಪಡೆಯುವುದು ಕಷ್ಟ ಎಂಬ ಅವರ ತರ್ಕ ನನಗೂ ಒಪ್ಪಿತವಾಯಿತು.

ಕೆಳಗಿನ ಅಡ್ಡಪಟ್ಟಿಯೊಂದನ್ನು ಗೆದ್ದಲು ತಿಂದಿತ್ತು. ತೇಗದ ಕೆಚ್ಚನ್ನು ಗೆದ್ದಲು ಸುಲಭಕ್ಕೆ ಮುಟ್ಟುವುದಿಲ್ಲ, ಹೊರಮೈಯ ಬಿಳಿ ಮರವನ್ನು ಬಿಡುವುದೂ ಇಲ್ಲ. ಆ ಪಟ್ಟಿಯಲ್ಲಿ ಬಿಳಿ ಭಾಗವೇ ಹೆಚ್ಚಿತ್ತು. ಬಹುಶಃ ಆ ದಿನ ಬೇರೆ ಮರ ಸಿಕ್ಕಿರಲಿಲ್ಲ. ಮಗ ಹಳೆಯ ಗುಳಿಯ ಅಳತೆಗೇ ಹೊಸ ಪಟ್ಟಿ ಮಾಡಿ, ಸಂಖ್ಯೆಯನ್ನೂ ಹೊಡೆದರು. ಬುಡದ ಓರೆ ಏಟನ್ನು ಮಾತ್ರ ಹೊಡೆಯಲಿಲ್ಲ. ಅದರ ಬದಲು ನಾಲಗೆಯ ಮೇಲೆ ಪೆನ್ಸಿಲ್‌ನಿಂದ ಇಸವಿ ಬರೆದು, ಮುಂದೆ ಬಿಚ್ಚುವವರಿಗೆ ಹೊಸ ತುಂಡು ಯಾವುದೆಂದು ತಿಳಿಯಲಿ ಎಂದು ಸಂದು ಕೂಡಿಸಿದರು.