ಅರಿಶಿನದ ಫೋಟೋ ಎರಡು ದಿನ ಎಲ್ಲಿತ್ತು?

ತೆರಕಣಾಂಬಿಯಿಂದ ಗುಂಡ್ಲುಪೇಟೆಗೆ ಬಸ್ಸಿನಲ್ಲಿ ಹೋಗಿಬರುವುದು ದೊಡ್ಡ ಮಾತಲ್ಲ. ಆದರೆ ನಮ್ಮೂರಿನ ಅರಿಶಿನ ಬೆಳೆಗಾರರೊಬ್ಬರು ಅಲ್ಲಿನ ವ್ಯಾಪಾರಿಗೆ ಇಮೇಲ್ ಮಾಡಿದ ಫೋಟೋ ತಲುಪಲು ಎರಡು ದಿನ ಹಿಡಿಯಿತು. ‘ನೆಟ್ ಸರಿಯಿಲ್ಲ ಸ್ವಾಮಿ’ ಅಂದರು. ನೆಟ್ ಸರಿಯಾಗೇ ಇತ್ತು.

‘ಕಳಿಸು’ ಒತ್ತಿದಾಗ ಪತ್ರ ಹೋಗುವುದು ನೇರವಾಗಿ ವ್ಯಾಪಾರಿಯ ಫೋನಿಗಲ್ಲ, ಕಳಿಸುವವರ ಇಮೇಲ್ ಸೇವೆಯ ಸರ್ವರ್‌ಗೆ. ಆ ಸರ್ವರ್ ವಿಳಾಸದಲ್ಲಿ ಮೊದಲು ನೋಡುವುದು @ ಚಿಹ್ನೆಯ ಬಲಭಾಗವನ್ನು ಮಾತ್ರ. ವ್ಯಾಪಾರಿಯದು ಜಿಮೇಲ್. ‘gmail.com ಹೆಸರಿನ ಪತ್ರಗಳನ್ನು ಯಾರಿಗೆ ಕೊಡಬೇಕು?’ ಎಂದು ಅದು ಡಿಎನ್‌ಎಸ್ ಎಂಬ ಅಂತರಜಾಲದ ವಿಳಾಸಪುಸ್ತಕವನ್ನು ಕೇಳುತ್ತದೆ. ಬರುವ ಉತ್ತರವೇ ಎಂಎಕ್ಸ್ ದಾಖಲೆ. ಮನೆಯ ಕಂಪ್ಯೂಟರಿನಲ್ಲೂ ಕೇಳಿ ನೋಡಬಹುದು:

```
dig +short mx gmail.com
5 gmail-smtp-in.l.google.com.
10 alt1.gmail-smtp-in.l.google.com.
```

ಉತ್ತರದಲ್ಲಿ ಇನ್ನೂ ಮೂರು ಸಾಲುಗಳಿರುತ್ತವೆ. ಅಂಕಿ ಚಿಕ್ಕದಿದ್ದ ಬಾಗಿಲನ್ನು ಮೊದಲು ತಟ್ಟಬೇಕು. ಅಲ್ಲಿ ಯಾರೂ ಓಗೊಡದಿದ್ದರೆ ಮುಂದಿನದು.

ಬಾಗಿಲು ತೆರೆದ ಮೇಲೆ ಎರಡು ಸರ್ವರ್‌ಗಳ ನಡುವೆ 25ನೇ ಪೋರ್ಟಿನಲ್ಲಿ ಮಾತುಕತೆ ಶುರು. ಅದರ ಭಾಷೆಯೇ ಎಸ್‌ಎಂಟಿಪಿ. 1982ರಲ್ಲಿ ಜಾನ್ ಪೋಸ್ಟೆಲ್ ಬರೆದ ಕ್ರಮದ ಚೌಕಟ್ಟು ಇವತ್ತಿಗೂ ಅದೇ. ನಾನು ಇಂಥವನು, ಪತ್ರ ಇಂಥವರದು, ಇಂಥವರಿಗೆ ಎಂದು ಒಂದೊಂದಾಗಿ ಹೇಳುತ್ತ ಹೋಗಬೇಕು. ಎದುರಿನವನು ಪ್ರತಿಸಲ ಮೂರಂಕಿಯ ಉತ್ತರ ಕೊಡುತ್ತಾನೆ. ಕೊನೆಗೆ ಇಡೀ ಪತ್ರ ಒಪ್ಪಿಸಿದಾಗ ಬರುವ 250 ಎಂದರೆ, ‘ಇನ್ನು ಇದರ ಹೊಣೆ ನನ್ನದು’ ಎಂದು. ಆ ಮಾತು ಬರುವವರೆಗೆ ಕಳಿಸುವ ಸರ್ವರ್ ತನ್ನ ಪ್ರತಿಯನ್ನು ಬಿಡುವಂತಿಲ್ಲ. ಇಡೀ ವ್ಯವಸ್ಥೆಯಲ್ಲಿ ನನಗೆ ಬಲು ಹಿಡಿಸಿದ ನಿಯಮ ಇದು.

ನಮ್ಮ ಬೆಳೆಗಾರರಿಗೆ ಮರುದಿನ ಇಂಗ್ಲಿಷಿನಲ್ಲೊಂದು ಸೂಚನೆ ಬಂದಿತ್ತು. ಜಾಹೀರಾತು ಎಂದುಕೊಂಡು ಓದಿರಲಿಲ್ಲ. ಅದರಲ್ಲಿ `452 4.2.2` ಎಂದಿತ್ತು. ಅಂದರೆ ವ್ಯಾಪಾರಿಯ ಪೆಟ್ಟಿಗೆ ಭರ್ತಿ, ಜಾಗವಿಲ್ಲ. 4ರಿಂದ ಶುರುವಾದ ಉತ್ತರ ‘ಈಗ ಆಗದು, ಮತ್ತೆ ಬಾ’ ಎಂಬುದು. ಹಾಗಾಗಿ ಅವರ ಸರ್ವರ್ ಪತ್ರವನ್ನು ಸಾಲಿನಲ್ಲಿಟ್ಟುಕೊಂಡು ಬಿಟ್ಟು ಬಿಟ್ಟು ಬಾಗಿಲು ತಟ್ಟುತ್ತಲೇ ಇತ್ತು. ಹೀಗೆ ನಾಲ್ಕೈದು ದಿನ ಪ್ರಯತ್ನಿಸಿ, ಆಗದಿದ್ದರೆ ಪತ್ರವನ್ನು ಹಿಂದಿರುಗಿಸುವುದು ವಾಡಿಕೆ. ಬದಲಿಗೆ `550 5.1.1` ಬಂದಿದ್ದರೆ ಆ ಹೆಸರಿನವರೇ ಅಲ್ಲಿಲ್ಲ ಎಂದರ್ಥ. ಕಾದು ಪ್ರಯೋಜನವಿಲ್ಲ, ವಿಳಾಸ ತಿದ್ದಬೇಕು. ಇನ್ನು gmail.con ಎಂದು ಬರೆದರಂತೂ ಡಿಎನ್‌ಎಸ್‌ನಲ್ಲೇ ಕಥೆ ಮುಗಿಯಿತು, ತಟ್ಟಲು ಬಾಗಿಲೇ ಇಲ್ಲ.

250 ಸಿಕ್ಕಿದರೂ ಪತ್ರ ಕಣ್ಣಿಗೆ ಬಿದ್ದೇ ಬೀಳುತ್ತದೆ ಎನ್ನುವಂತಿಲ್ಲ. ಒಳಗೆ ಜರಡಿ ಹಿಡಿದು ಸ್ಪ್ಯಾಮ್ ಮೂಲೆಗೆ ತಳ್ಳಿದರೆ ಕಳಿಸಿದವರಿಗೆ ಸುದ್ದಿ ಬರುವುದಿಲ್ಲ.

ವ್ಯಾಪಾರಿಗೆ ಫೋನ್ ಮಾಡಿ ಹಳೆಯ ವಿಡಿಯೊಗಳನ್ನು ಅಳಿಸಿ ಎಂದೆವು. ಅವರು ಅಳಿಸಿ ಕಸದಬುಟ್ಟಿಯನ್ನೂ ಖಾಲಿ ಮಾಡಿದ ಮೇಲೆ, ಬೆಳೆಗಾರರು ಮತ್ತೆ ಏನನ್ನೂ ಕಳಿಸದೆಯೇ ಅರಿಶಿನದ ಫೋಟೋ ಅಲ್ಲಿಗೆ ತಲುಪಿತು.